ಬೆಣ್ಣಿ ಎಂಬ ಮೊಲಕ್ಕೆ ಹದಿನಾರು ಸಾಲು

ಕಳೆದ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಬಳಗದ ಸದಸ್ಯರೊಬ್ಬರು ಒಂದು ವಿಚಿತ್ರ ಬೇಡಿಕೆಯನ್ನು ಮುಂದಿಟ್ಟರು. ಅವರ ಐದು ವರ್ಷದ ಮಗಳು ಸಾಕಿದ್ದ ಮೊಲ ಹಿಂದಿನ ದಿನ ಸತ್ತಿತ್ತು. ಬೆಳ್ಳಗೆ, ಮೆತ್ತಗೆ ಇದ್ದುದರಿಂದ ಅದಕ್ಕೆ ಧಾರವಾಡದ ಅಜ್ಜಿ ಇಟ್ಟ ಹೆಸರು ಬೆಣ್ಣಿ. ಮಗು ಊಟ ಬಿಟ್ಟಿದೆ, ಮಾತು ಕಡಿಮೆ ಮಾಡಿದೆ, ರಾತ್ರಿ ಹಾಸಿಗೆಯಲ್ಲಿ ಹೇಳಿಕೊಡಲು ಕನ್ನಡದಲ್ಲಿ ಒಂದು ಚಿಕ್ಕ ಪದ್ಯ ಬೇಕು ಎಂದರು. ಕವಿತೆ ಬರೆಯುವವರು ನಮ್ಮಲ್ಲಿ ಏಳೆಂಟು ಜನ ಇದ್ದೇವೆ. ಎರಡು ದಿನದಲ್ಲಿ ಬರೆದುಕೊಡುವ ಕೆಲಸ ಎಂದುಕೊಂಡೆವು. ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ನಾವು ಮಾಡಿದ ತಪ್ಪುಗಳಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ಇಲ್ಲಿ ಮಂಡಿಸುತ್ತಿದ್ದೇವೆ. ಸಾವಿನ ಮುಂದೆ ಕುಳಿತ ಮಗುವಿಗೆ ಬರೆಯುವ ಪದ್ಯದಲ್ಲಿ ‘ಸತ್ತಿತು’ ಎಂಬ ಪದ ಇರಬೇಕು. ಅದು ಮೊದಲ ಸಾಲಿನಲ್ಲೇ ಇರಬೇಕು.

ಕಠಿಣ ಮಾತು ಎನಿಸಬಹುದು. ನಮಗೂ ಹಾಗೆಯೇ ಅನಿಸಿತ್ತು. ನಮ್ಮ ಮನೆಗಳಲ್ಲಿ ಸಾವನ್ನು ಆ ಹೆಸರಿನಿಂದ ಕರೆಯುವ ರೂಢಿ ಇಲ್ಲ. ‘ಹೋದರು’ ಎನ್ನುತ್ತೇವೆ, ‘ತೀರಿಕೊಂಡರು’ ಎನ್ನುತ್ತೇವೆ. ಮಗುವಿನ ತಾಯಿಯೂ ಮೊದಲ ದಿನ ಹೇಳಿದ್ದು ‘ಬೆಣ್ಣಿ ಹೋತು’ ಎಂದೇ. ಮಗು ಕೇಳಿದ್ದು, “ಯಾವಾಗ ಬರ್ತದ?” ಈ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎಂದು ಹೇಳಿ ಹೊರಡುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಊರು ಬಿಟ್ಟು ಪುಣೆಯಲ್ಲಿ ನೆಲೆಸಿದ ನಮ್ಮಂಥ ಮನೆಗಳಲ್ಲಂತೂ ಹೋಗುವುದು ಎಂದರೆ ಮೇ ತಿಂಗಳಲ್ಲಿ ಊರಿಗೆ ಹೋಗುವುದು, ಜೂನ್‌ನಲ್ಲಿ ಹಿಂತಿರುಗುವುದು. ಅಜ್ಜಿ ಬರುತ್ತಾಳೆ, ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಐದು ವರ್ಷದಲ್ಲಿ ಆ ಮಗು ಕಲಿತ ‘ಹೋಗು’ ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ‘ಬರು’ ಇದ್ದೇ ಇತ್ತು. ದೊಡ್ಡವರಿಗೆ ಮೃದುವಾಗಿ ಕೇಳಿಸಿದ ಮಾತು ಮಗುವಿಗೆ ಒಂದು ಭರವಸೆಯಾಗಿ ಕೇಳಿಸಿತು.

ಪುಣೆಯ ಎರಡು ಭಾಷೆಗಳು ಸೇರಿ ಇನ್ನೊಂದು ತೊಡಕನ್ನೂ ತಂದವು. ಬಾಲವಾಡಿಯ ಗೆಳತಿಯೊಬ್ಬಳು ಅವಳಿಗೆ ಮರಾಠಿಯಲ್ಲಿ ‘ಸಸಾ ಮೇಲಾ’ ಎಂದು ನೇರವಾಗಿ ಹೇಳಿದ್ದಳು, ಅಂದರೆ ಮೊಲ ಸತ್ತಿತು ಎಂದು. ಕನ್ನಡದ ಕಿವಿಗೆ ಆ ‘ಮೇಲಾ’ ಎಂಬುದು ‘ಮೇಲೆ’ ಎಂದು ಕೇಳಿಸಿತು. ಮನೆಯಲ್ಲೋ ಯಾರೋ ಒಬ್ಬರು ಬೆರಳನ್ನು ಆಕಾಶದ ಕಡೆ ತೋರಿಸಿದ್ದರು. ಮಗು ಈ ಎರಡನ್ನೂ ಕೂಡಿಸಿಕೊಂಡು, ಬೆಣ್ಣಿ ಮೇಲಿನ ಮಹಡಿಯಲ್ಲಿದೆ ಎಂದು ಲಿಫ್ಟಿನ ಬಳಿ ಹೋಗಿ ನಿಂತಿತು.

ನಮ್ಮ ಮೊದಲ ಕರಡು ಈ ಆಕಾಶದ ದಾರಿಯನ್ನೇ ಹಿಡಿಯಿತು. ಬರೆದವರು ಬಳಗದ ಹಿರಿಯರು. ಚಂದ್ರನಲ್ಲಿ ಮೊಲವಿದೆ ಎಂಬುದು ನಮ್ಮ ದೇಶದ ಹಳೆಯ ಕಲ್ಪನೆ. ಶಶಿ, ಶಶಾಂಕ ಎಂಬ ಹೆಸರುಗಳು ಬಂದದ್ದೇ ‘ಶಶ’ ಎಂಬ ಪದದಿಂದ, ಮರಾಠಿಯ ‘ಸಸಾ’ ಕೂಡ ಅದರದ್ದೇ ಕೂಸು. ಬೆಣ್ಣಿ ಚಂದಮಾಮನ ಮನೆಗೆ ಹೋಗಿದೆ, ಅಲ್ಲಿ ಬೆಳದಿಂಗಳ ಹುಲ್ಲು ಮೇಯುತ್ತಿದೆ ಎಂಬುದು ಆ ಪದ್ಯದ ಸಾರ. ಓದಿದಾಗ ನಮ್ಮೆಲ್ಲರ ಕಣ್ಣೂ ಒದ್ದೆಯಾಯಿತು. ಮಗುವಿನ ಮೇಲೆ ಆದ ಪರಿಣಾಮ ಬೇರೆ. ಅದು ದಿನವೂ ಸಂಜೆ ಕೊತ್ತಂಬರಿಯ ದಂಟುಗಳನ್ನು ಕಿಟಕಿಯಲ್ಲಿಟ್ಟು ಕಾಯತೊಡಗಿತು. ಅಮಾವಾಸ್ಯೆ ಬಂದಿತು. “ಚಂದಪ್ಪನೇ ಇಲ್ಲ, ಬೆಣ್ಣಿ ಎಲ್ಲದ?” ಎಂದು ರಾತ್ರಿಯಿಡೀ ಅತ್ತಿತು. ಒಮ್ಮೆ ಸತ್ತ ಮೊಲವನ್ನು ನಮ್ಮ ಪದ್ಯ ಎರಡನೆಯ ಸಲ ಕಳೆದುಹಾಕಿತ್ತು.

ಎರಡನೆಯ ಕರಡಿನಲ್ಲಿ ಚಂದ್ರನನ್ನು ಬಿಟ್ಟು ನಿದ್ದೆಯನ್ನು ತಂದೆವು. ಬೆಣ್ಣಿ ಆಡಿ ದಣಿದು ಮಲಗಿದೆ, ಅದನ್ನು ಎಬ್ಬಿಸಬೇಡ ಎಂಬ ಜೋಗುಳದ ಧಾಟಿ. ಅದನ್ನು ಕೇಳಿಸಿದ ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ತಂದೆ ಮಲಗಿದ್ದರು. ಮಗು ಓಡಿಬಂದು ಅವರ ಎದೆಯ ಮೇಲೆ ಎರಡೂ ಕೈಯಿಂದ ಬಡಿಯುತ್ತ “ಅಪ್ಪಾ ಏಳು, ಅಪ್ಪಾ ಏಳು” ಎಂದು ಚೀರಿತು. ಆ ರಾತ್ರಿ ತಾನೂ ಮಲಗಲು ಒಲ್ಲೆನೆಂದಿತು. ಆ ಕರಡನ್ನು ಹರಿದುಹಾಕಿದೆವು.

ಏಕೆ ಹೀಗಾಯಿತು ಎಂದು ನಾವು ಆಮೇಲೆ ಯೋಚಿಸಿದೆವು. 1948ರಲ್ಲಿ ಮಾರಿಯಾ ನಾಜ್ ಎಂಬ ಹಂಗೇರಿಯ ಮನಶ್ಶಾಸ್ತ್ರಜ್ಞೆ ಮೂರರಿಂದ ಹತ್ತು ವರ್ಷದ ಮಕ್ಕಳು ಸಾವನ್ನು ಹೇಗೆ ತಿಳಿಯುತ್ತಾರೆ ಎಂಬ ಬಗ್ಗೆ ಒಂದು ಅಧ್ಯಯನವನ್ನು ಪ್ರಕಟಿಸಿದರು. ಐದಕ್ಕಿಂತ ಚಿಕ್ಕ ಮಕ್ಕಳಲ್ಲಿ ಆಕೆ ಕಂಡ ತಿಳಿವಳಿಕೆ ಎರಡು ಬಗೆಯದು. ಸಾವು ಒಂದು ಪ್ರಯಾಣ, ಇಲ್ಲವೇ ಒಂದು ನಿದ್ದೆ. ಎರಡರಿಂದಲೂ ಹಿಂತಿರುಗಬಹುದು. ಈ ಮಾತನ್ನು ನಮ್ಮ ಕರಡುಗಳ ಪಕ್ಕದಲ್ಲಿಟ್ಟು ನೋಡಿದಾಗ ನಾವು ನಾಚಿದೆವು. ನಾವು ಕಾವ್ಯವೆಂದುಕೊಂಡು ಬರೆದ ಎರಡು ರೂಪಕಗಳೂ ಮಗುವಿನ ತಲೆಯಲ್ಲಿ ಮೊದಲೇ ಇದ್ದ ಎರಡು ತಪ್ಪು ತಿಳಿವಳಿಕೆಗಳೇ ಆಗಿದ್ದವು. ದೊಡ್ಡವರು ನಿದ್ದೆ ಎಂದಾಗ ಅದು ನಿದ್ದೆಯಲ್ಲ ಎಂದು ಬಲ್ಲರು, ಬಲ್ಲುದರಿಂದಲೇ ರೂಪಕ ಅವರಿಗೆ ಸಾಂತ್ವನ ಕೊಡುತ್ತದೆ. ಮಗುವಿಗೆ ಅದು ರೂಪಕವಲ್ಲ, ಸುದ್ದಿ. ಅದು ಸುದ್ದಿಯನ್ನು ನಂಬಿ ಕಾಯುತ್ತದೆ, ಇಲ್ಲವೆ ಹೆದರುತ್ತದೆ.

ಸಾಕುಪ್ರಾಣಿ ಸತ್ತವರಿಗೆ ಇಂಗ್ಲಿಷಿನಲ್ಲಿ ಸಿದ್ಧವಾಗಿ ಸಿಗುವ ಬರಹವೊಂದಿದೆ, ‘ರೇನ್‌ಬೋ ಬ್ರಿಡ್ಜ್’. 1959ರಲ್ಲಿ ಸ್ಕಾಟ್ಲೆಂಡಿನ ತರುಣಿ ಎಡ್ನಾ ಕ್ಲೈನ್ ತನ್ನ ನಾಯಿ ಸತ್ತಾಗ ಬರೆದದ್ದು. ಕಾಮನಬಿಲ್ಲಿನ ಸೇತುವೆಯ ಬಳಿ ಪ್ರಾಣಿಗಳು ತಮ್ಮ ಒಡೆಯರಿಗಾಗಿ ಕಾದಿರುತ್ತವೆ ಎಂಬುದು ಅದರ ಕಲ್ಪನೆ. ಇದನ್ನೇ ಕನ್ನಡಕ್ಕೆ ತಂದರಾಯಿತು ಎಂದು ಒಬ್ಬರು ಸೂಚಿಸಿದರು. ವಯಸ್ಕರಿಗೆ ಅದು ನೆಮ್ಮದಿ ಕೊಡುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಮೊಲ ಒಂಟಿಯಾಗಿ ಎಲ್ಲೋ ಕಾಯುತ್ತಿದೆ ಎಂದು ಐದು ವರ್ಷದ ಮಗುವಿಗೆ ಹೇಳಿದರೆ, ಅದು ಕೇಳುವ ಮುಂದಿನ ಪ್ರಶ್ನೆ “ನಾವು ಯಾವಾಗ ಹೋಗೋಣು?” ಎಂಬುದೇ. ಆ ಪ್ರಶ್ನೆಗೆ ಯಾವ ತಾಯಿ ಉತ್ತರಿಸಿಯಾಳು?

ಹಾಗಾದರೆ ಕನ್ನಡದಲ್ಲಿ ದಾರಿ ಇಲ್ಲವೇ? ಇದೆ, ಮತ್ತು ಅದು ನಮಗೆಲ್ಲ ಬಾಯಿಪಾಠವಾಗಿದೆ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ತನ್ನ ಕರುವಿಗೆ ಸುಳ್ಳು ಹೇಳುವುದಿಲ್ಲ. ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಎಂದೇ ಹೇಳುತ್ತದೆ. ಕರು ಕೇಳುವ ಪ್ರಶ್ನೆಗಳನ್ನು ಗಮನಿಸಿ. ಅವು ಹಾಲಿನ ಬಗ್ಗೆ, ಮಲಗುವ ಜಾಗದ ಬಗ್ಗೆ, ಜೊತೆಯ ಬಗ್ಗೆ. ಆತ್ಮದ ಬಗ್ಗೆ ಅದು ಏನನ್ನೂ ಕೇಳುವುದಿಲ್ಲ. ತಾಯಿ ಕೊಡುವ ಉತ್ತರವೂ ಅಷ್ಟೇ ಲೌಕಿಕ. ಉಳಿದ ಹಸುಗಳನ್ನು ಕರೆದು, ಕರುವನ್ನು ಅವುಗಳಿಗೆ ಒಪ್ಪಿಸುತ್ತದೆ. ಮಗುವಿನ ದುಃಖ ಹೀಗೆ ದಿನಚರಿಯ ದುಃಖ ಎಂಬುದನ್ನು ಆ ಹಾಡು ಕಟ್ಟಿದವರು ತಿಳಿದಿದ್ದರು. ನಮ್ಮ ಮಗುವಿಗೂ ಬೇಕಾಗಿದ್ದದ್ದು ಸ್ವರ್ಗದ ವಿಳಾಸವಲ್ಲ. ಸಂಜೆ ಐದಕ್ಕೆ ಕೊತ್ತಂಬರಿ ದಂಟುಗಳನ್ನು ಹಿಡಿದ ಕೈ ಈಗ ಏನು ಮಾಡಬೇಕು ಎಂಬುದು ಅದಕ್ಕೆ ತಿಳಿಯಬೇಕಾಗಿತ್ತು.

ಇನ್ನೊಂದು ಪ್ರಸಿದ್ಧ ಪದ್ಯ ನಮಗೆ ಎಚ್ಚರಿಕೆಯಾಯಿತು. ಜಿ. ಪಿ. ರಾಜರತ್ನಂ ಅವರ ತುತ್ತೂರಿ ಪದ್ಯದಲ್ಲಿ ಕಸ್ತೂರಿಯ ತುತ್ತೂರಿ ಕೊಳಕ್ಕೆ ಬಿದ್ದು ಹಾಳಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಕನ್ನಡದ ಮಕ್ಕಳು ಕಲಿಯುವ ಮೊದಲ ಪದ್ಯಗಳಲ್ಲೊಂದು ಹೀಗೆ ಮರಳಿ ಬಾರದ ನಷ್ಟದಲ್ಲಿ ಮುಗಿಯುತ್ತದೆ ಎಂಬುದು ಅದರ ಧೈರ್ಯ. ಆದರೆ ಅಲ್ಲಿ ನಷ್ಟಕ್ಕೆ ಒಂದು ಕಾರಣವಿದೆ, ಕಸ್ತೂರಿಯ ಜಂಬ. ನಗಿಸುವ ಪದ್ಯಕ್ಕೆ ಅದು ಸರಿ. ಮೊಲ ಸತ್ತ ಮನೆಯಲ್ಲಿ ಅದೇ ತರ್ಕ ಮಗುವಿನ ಮನಸ್ಸಿನಲ್ಲಿ ತಾನಾಗಿ ಕೆಲಸ ಮಾಡುತ್ತಿರುತ್ತದೆ. ಕಳೆದುಕೊಂಡೆ ಎಂದರೆ ತಪ್ಪು ಮಾಡಿದೆ.

ಇದು ನಮಗೆ ತಿಳಿದದ್ದು ತಡವಾಗಿ. ಮೂರನೆಯ ವಾರದಲ್ಲಿ ಮಗು ಸ್ನಾನದ ಮನೆಯಲ್ಲಿ ತಾಯಿಗೆ ಮೆಲ್ಲಗೆ ಹೇಳಿತು, “ನಾ ಬೈದದ್ದಕ್ಕ ಸತ್ತಿತೇನಮ್ಮಾ?” ಸಾಯುವ ಹಿಂದಿನ ಸಂಜೆ ಬೆಣ್ಣಿ ಅವಳ ಚಿತ್ರದ ಪುಸ್ತಕದ ಅಂಚನ್ನು ಕಡಿದಿತ್ತು. “ನೀ ನನಗ ಬ್ಯಾಡ” ಎಂದು ಅವಳು ಬೈದಿದ್ದಳು, ಅಂದು ಸೊಪ್ಪನ್ನೂ ಹಾಕಿರಲಿಲ್ಲ. ಊಟ ಬಿಟ್ಟದ್ದು, ಮಾತು ಬಿಟ್ಟದ್ದು ಏಕೆಂದು ಆಗ ಎಲ್ಲರಿಗೂ ಅರ್ಥವಾಯಿತು. ನಮ್ಮ ಎರಡೂ ಕರಡುಗಳಲ್ಲಿ ಈ ಪ್ರಶ್ನೆಗೆ ಒಂದು ಅಕ್ಷರದ ಉತ್ತರವೂ ಇರಲಿಲ್ಲ.

ಉತ್ತರ ಹೇಳಲು ಮೊಲ ಏಕೆ ಸತ್ತಿತೆಂದು ತಿಳಿಯಬೇಕು. ಮೊಲ ಬೆವರಿ ಮೈಯನ್ನು ತಂಪು ಮಾಡಿಕೊಳ್ಳಲಾರದು. ಅದರ ಮೈಯ ಶಾಖ ಹೊರಗೆ ಹೋಗುವುದು ಬಹುಮಟ್ಟಿಗೆ ಆ ಉದ್ದ ಕಿವಿಗಳ ಮೂಲಕ. ಸುತ್ತಲ ಗಾಳಿ ಮೂವತ್ತು ಡಿಗ್ರಿ ದಾಟಿದರೆ ಅದಕ್ಕೆ ಅಪಾಯ, ಪುಣೆಯ ಏಪ್ರಿಲ್ ಮಧ್ಯಾಹ್ನ ನಲವತ್ತರ ಹತ್ತಿರ ಹೋಗುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಮೊಲ ತನ್ನ ನೋವನ್ನು ತೋರಿಸಿಕೊಳ್ಳುವುದೂ ಇಲ್ಲ. ಕಿವಿ ಕಾದಿರುವುದು, ಉಸಿರು ಬಡಬಡನೆ ಓಡುವುದು, ಮೈ ಚಾಚಿ ಬಿದ್ದಿರುವುದು, ಮೇವು ಮುಟ್ಟದಿರುವುದು, ಇಷ್ಟನ್ನು ನೋಡಿಯೇ ತಿಳಿಯಬೇಕು. ಬೆಣ್ಣಿಯ ಪಂಜರ ಅಂದು ಪಶ್ಚಿಮಕ್ಕೆ ತೆರೆದ ಗ್ಯಾಲರಿಯಲ್ಲಿತ್ತು. ದೊಡ್ಡವರು ಕೆಲಸದ ಮೇಲೆ ಹೊರಗಿದ್ದರು. ಒಂದು ಸಂಜೆ ಸೊಪ್ಪು ತಪ್ಪಿದ್ದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ಪಂಜರದಲ್ಲಿ ಹುಲ್ಲು ಇದ್ದೇ ಇತ್ತು.

ಇಲ್ಲಿ ಬಳಗದಲ್ಲಿ ಒಂದು ಒಳ್ಳೆಯ ಜಗಳವಾಯಿತು. ಹೊಸ ಕರಡಿನಲ್ಲಿ ‘ತಪ್ಪು ಯಾರದು ಅಲ್ಲ’ ಎಂಬ ಸಾಲಿತ್ತು. ಪಂಜರವನ್ನು ಗ್ಯಾಲರಿಯಲ್ಲಿಟ್ಟವರು ನಾವು, ಯಾರ ತಪ್ಪೂ ಅಲ್ಲವೆಂದು ಬರೆದರೆ ಅದು ನಮ್ಮನ್ನು ನಾವು ಬಿಡಿಸಿಕೊಂಡಂತೆ ಎಂದು ತಾಯಿಯೇ ಹೇಳಿದರು. ಸಾಲು ‘ತಪ್ಪು ನಿನ್ನದು ಅಲ್ಲ’ ಎಂದಾಯಿತು. ಮಾತ್ರೆಗಳ ಲೆಕ್ಕ ಅಷ್ಟೇ, ಬದಲಾದದ್ದು ಒಂದು ಪದ. ಮಗುವಿಗೆ ಬೇಕಾದ ಬಿಡುಗಡೆ ಅದರಲ್ಲಿ ಪೂರ್ತಿ ಇದೆ, ದೊಡ್ಡವರ ಲೆಕ್ಕ ಅವರ ಬಳಿಯೇ ಉಳಿಯುತ್ತದೆ.

ಛಂದಸ್ಸಿನ ವಿಷಯದಲ್ಲೂ ಎರಡು ಮಾತು ಹೇಳಬೇಕು. ಮಕ್ಕಳ ಪದ್ಯ ಎಂದೊಡನೆ ನಮ್ಮ ಕೈ ನಾಲ್ಕು ಮಾತ್ರೆಯ ಗಣಗಳಿಗೆ ಹೋಗುತ್ತದೆ, ತುತ್ತೂರಿ ಪದ್ಯದ ನಡೆ ಅದೇ. ಆ ನಡೆಯಲ್ಲಿ ಕಾಲು ತಾನಾಗಿ ಕುಣಿಯುತ್ತದೆ, ಅಳುವ ಮಗುವಿನ ಮುಂದೆ ಅದು ಸಲ್ಲದು. ಮೂರು ಮತ್ತು ನಾಲ್ಕು ಮಾತ್ರೆಗಳು ಒಂದಾದ ಮೇಲೊಂದು ಬರುವ ನಡೆಯಲ್ಲಿ ಪ್ರತಿ ಹೆಜ್ಜೆಯೂ ತುಸು ನಿಂತು ಮುಂದೆ ಹೋಗುತ್ತದೆ, ಬೆನ್ನು ತಟ್ಟುತ್ತ ಹೇಳಲು ಬರುತ್ತದೆ. ಆಶ್ಚರ್ಯವೆಂದರೆ, ನಾವು ಹೆದರುತ್ತಿದ್ದ ಮಾತು ಈ ನಡೆಯಲ್ಲಿ ತಾನಾಗಿ ಕೂತಿತು. ‘ಬೆಣ್ಣಿ’ ಮೂರು ಮಾತ್ರೆ, ‘ಸತ್ತಿತು’ ನಾಲ್ಕು. ಇನ್ನು ಪದಗಳ ಆಯ್ಕೆ. ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರು ತಮ್ಮ ಮಗುವಿನ ಸಾವಿನ ಕವಿತೆಯನ್ನು ಧಾರವಾಡದ ಮನೆಮಾತಿನಲ್ಲೇ ಬರೆದರು. ಆ ನೆನಪು ನಮಗೆ ಧೈರ್ಯ ಕೊಟ್ಟಿತು. ಅಜ್ಜಿ ಕರೆದಂತೆ ಮೊಲ ‘ಬೆಣ್ಣಿ’ಯಾಗಿಯೇ ಉಳಿಯಿತು, ಅದನ್ನು ‘ಬೆಣ್ಣೆ’ ಎಂದು ತಿದ್ದಲಿಲ್ಲ. ಕೊನೆಗೆ ಉಳಿದ ಪದ್ಯ ಇದು.

ಬೆಣ್ಣಿ ಸತ್ತಿತು, ನನ್ನ ಕಂದಾ,
ಇನ್ನು ಏಳುವುದಿಲ್ಲ.
ಹಸಿವು ಇಲ್ಲಾ, ನೋವು ಇಲ್ಲಾ,
ಚಳಿಯು ಬಿಸಿಲೂ ಇಲ್ಲ.

ನೀನು ಬೈದಿದ್ದಕ್ಕೆ ಅಲ್ಲಾ,
ಮರೆತ ಸೊಪ್ಪಿಗು ಅಲ್ಲ.
ಬಿಸಿಲ ಬೇಗೆಗೆ ಮೈಯು ಸೋತಿತು,
ತಪ್ಪು ನಿನ್ನದು ಅಲ್ಲ.

ಮೂಗು ಕುಣಿಸುತ ನಿನ್ನ ಕೈಯಲಿ
ಸೊಪ್ಪು ತಿಂದಿತು ಹೀಗೆ.
ಅಳುವು ಬಂದರೆ ಅತ್ತುಬಿಡು ನೀ,
ನಾವು ಅಳುವೆವು ಜೊತೆಗೆ.

ಗಿಡದ ಬುಡದಲಿ ಮಣ್ಣಿನಡಿಯಲಿ
ಬೆಣ್ಣಿಯಿಟ್ಟೆವು ಇಂದು.
ಚಂದ್ರನೊಳಗಿನ ಮೊಲವ ಕಂಡರೆ
ಬೆಣ್ಣಿ ನೆನಪಾಗುವುದು.

ಇದು ದೊಡ್ಡ ಕವಿತೆಯಲ್ಲ. ಒಂದೊಂದು ಪದ್ಯಕ್ಕೂ ಒಂದೊಂದು ಕೆಲಸವಿದೆ, ಅಷ್ಟೇ. ಮೊದಲನೆಯದು ಸುದ್ದಿಯನ್ನು ಹೇಳುತ್ತದೆ. ಸತ್ತಿತು, ಏಳುವುದಿಲ್ಲ. ಒಡನೆಯೇ ಮಗುವಿನ ಮುಂದಿನ ಚಿಂತೆಗೂ ಉತ್ತರಿಸುತ್ತದೆ. ಮಣ್ಣಿನ ಕೆಳಗೆ ಅದಕ್ಕೆ ಹಸಿವಾದೀತೇ, ಚಳಿಯಾದೀತೇ ಎಂಬುದು ಚಿಕ್ಕ ಮಕ್ಕಳನ್ನು ನಿಜವಾಗಿ ಕಾಡುವ ಪ್ರಶ್ನೆ, ಸತ್ತ ಮೈಗೆ ಇವಾವುವೂ ಇಲ್ಲ ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಎರಡನೆಯದು ತಪ್ಪಿನ ಹೊರೆಯನ್ನು ಇಳಿಸುತ್ತದೆ, ಅದೂ ಸಾಮಾನ್ಯ ಮಾತಿನಿಂದಲ್ಲ, ಅದು ಬೈದದ್ದನ್ನೂ ಮರೆತದ್ದನ್ನೂ ಹೆಸರಿಸಿ. ಮೂರನೆಯದರ ‘ಹೀಗೆ’ ಎಂಬ ಪದದ ಬಳಿ ಹೇಳುವವರು ನಿಲ್ಲಬೇಕು. ಅಲ್ಲಿ ಮಗು ತನ್ನ ಮೂಗನ್ನು ಕುಣಿಸಿ ತೋರಿಸುತ್ತದೆ. ಮೂರು ವಾರದ ಮೇಲೆ ಆ ಮನೆಯಲ್ಲಿ ಮಗು ನಕ್ಕದ್ದು ಆ ಪದದ ಬಳಿ, ನಕ್ಕು ಮುಗಿಯುವ ಮೊದಲೇ ಅತ್ತದ್ದೂ ಅಲ್ಲೇ.

ನಾಲ್ಕನೆಯ ಪದ್ಯದಲ್ಲಿ ‘ಗಿಡದ ಬುಡದಲಿ’ ಎಂದು ಬರೆದದ್ದು ಅದು ಹಾಗೆಯೇ ನಡೆದದ್ದರಿಂದ. ಸೊಸಾಯಿಟಿಯ ಅನುಮತಿ ಪಡೆದು, ಹಿಂಭಾಗದ ಕರಿಬೇವಿನ ಗಿಡದ ಬುಡದಲ್ಲಿ, ನಾಯಿಗಳು ಕೆದಕದಂತೆ ಆಳವಾಗಿ ಅಗೆಸಿ ಬೆಣ್ಣಿಯನ್ನು ಹೂಳಿದ್ದರು. ಎಲ್ಲ ಮನೆಗಳಿಗೂ ಅಷ್ಟು ಮಣ್ಣು ಸಿಗುವುದಿಲ್ಲ. ಬೇರೆ ರೀತಿ ಮಾಡಿದವರು ಆ ಸಾಲನ್ನು ಬದಲಿಸಿಕೊಳ್ಳಬೇಕು. ‘ಇಂದು’ ಎಂಬುದೊಂದೇ ನಾವು ಪ್ರಾಸಕ್ಕಾಗಿ ತೆಗೆದುಕೊಂಡ ಸಲುಗೆ. ಮಗು ಅದನ್ನೂ ಬಿಡದೆ “ಇವತ್ತಲ್ಲ, ಆವತ್ತು” ಎಂದು ತಿದ್ದಿತು.

ಹಾಗೂ ಚಂದ್ರನನ್ನು ಮತ್ತೆ ಏಕೆ ತಂದಿರಿ ಎಂದು ಕೇಳಬಹುದು. ಶಶ ಜಾತಕದ ಕಥೆಯನ್ನು ನೆನೆಯೋಣ. ಅತಿಥಿಗೆ ಕೊಡಲು ಏನೂ ಇಲ್ಲವೆಂದು ಮೊಲ ತನ್ನ ಮೈಯನ್ನೇ ಬೆಂಕಿಗೆ ಒಡ್ಡುತ್ತದೆ. ಬೆಂಕಿ ಅದನ್ನು ಸುಡುವುದಿಲ್ಲ. ವೇಷ ಮರೆಸಿ ಬಂದ ಶಕ್ರ ಆ ಮೊಲದ ಚಿತ್ರವನ್ನು ಚಂದ್ರನ ಮೇಲೆ ಬರೆಯುತ್ತಾನೆ. ಕಥೆಯಲ್ಲೂ ಮೇಲೆ ಹೋದದ್ದು ಮೊಲವಲ್ಲ, ಅದರ ಚಿತ್ರ. ಮೊದಲ ಕರಡಿನಲ್ಲಿ ನಾವು ಮಾಡಿದ ತಪ್ಪು ಇಷ್ಟೇ, ಚಿತ್ರವನ್ನು ವಿಳಾಸವಾಗಿಸಿದ್ದು. ಚಿತ್ರ ಚಿತ್ರವಾಗಿದ್ದರೆ ಅಮಾವಾಸ್ಯೆಗೆ ಹೆದರಬೇಕಾಗಿಲ್ಲ.

ಒಂದು ಮೊಲಕ್ಕೆ ಇಷ್ಟೊಂದು ಚರ್ಚೆಯೇ ಎಂದು ನಗುವವರಿಗೆ ಒಂದು ಮಾತು. ಹೊರನಾಡಿನ ನಮ್ಮ ಮನೆಗಳಿಗೆ ಸಾವಿನ ಸುದ್ದಿ ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ. ದೊಡ್ಡವರು ರಾತ್ರೋರಾತ್ರಿ ಬಸ್ಸು ಹಿಡಿಯುತ್ತಾರೆ, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಡುತ್ತಾರೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜ ಕೂರುತ್ತಿದ್ದ ಕುರ್ಚಿ ಖಾಲಿ ಇರುತ್ತದೆ. ಆ ಮಗುವಿನ ಬಳಿ ಅದನ್ನು ಹೇಳಲು ಮನೆಯ ಭಾಷೆಯಲ್ಲಿ ಒಂದು ಪದವಾದರೂ ಇರಬೇಕಲ್ಲವೇ? ಧಾರವಾಡದ ಆ ಅಜ್ಜಿಗೆ ಈಗ ವಯಸ್ಸಾಗಿದೆ. ಮಗುವಿಗೆ ಈ ಪದ್ಯವನ್ನು ಫೋನಿನಲ್ಲಿ ಹೇಳಿಸಿ ಕೇಳಿದವರಲ್ಲಿ ಅವರೂ ಒಬ್ಬರು. ಕೇಳಿ, “ಛಲೋ ಆತು, ಖರೇನೇ ಹೇಳೀರಿ” ಎಂದರಂತೆ.

ಆಶ್ವಯುಜದ ಹುಣ್ಣಿಮೆ ನಮಗೆ ಸೀಗಿ ಹುಣ್ಣಿಮೆ, ಪುಣೆಗೆ ಕೋಜಾಗಿರಿ. ಆ ರಾತ್ರಿ ಗಚ್ಚಿಯ ಮೇಲೆ ಎಲ್ಲರೂ ಮಸಾಲೆ ಹಾಲು ಕುಡಿಯುತ್ತಿದ್ದಾಗ ಮಗು ಚಂದ್ರನನ್ನು ನೋಡಿ ಗೆಳತಿಗೆ ಮರಾಠಿಯಲ್ಲಿ ಏನೋ ತೋರಿಸಿತು. ಆಮೇಲೆ ನಮ್ಮ ಕಡೆ ತಿರುಗಿ, ನಮಗೆ ತಿಳಿಯಲಿಲ್ಲವೇನೋ ಎಂಬಂತೆ ಕನ್ನಡದಲ್ಲಿ ವಿವರಿಸಿತು. “ಅಲ್ಲಿ ಮೊಲ ಕಾಣಸ್ತದ. ಅದು ಬೆಣ್ಣಿ ಅಲ್ಲ. ಬೆಣ್ಣಿ ಸತ್ತದ, ಕರಿಬೇವಿನ ಗಿಡದ ಬುಡಕ್ಕದ. ಇದು ಬರೇ ನೆನಪು.” ಹೇಳಿ, ಲೋಟದಲ್ಲಿ ಉಳಿದ ಹಾಲನ್ನು ಕುಡಿದು, ಆಡಲು ಓಡಿತು.